ಎಂಟು ದೊಡ್ಡದೋ, ಏಳು ಪಾಯಿಂಟ್ ಒಂಬತ್ತೈದು ದೊಡ್ಡದೋ?

(ಒಂದು ಸಂಜೆಯ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬೇಗ ದಾಟಿಸಿದ ಲೆಕ್ಕಗಳನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ ಎರಡು ಸಾಲು ಬರೆದಿದ್ದೇನೆ, ನೋಡಿ.

ಮೊದಲನೆಯದು: ವರ್ಷಕ್ಕೆ ಶೇಕಡಾ 8 ಬಡ್ಡಿ, ಮೂರು ತಿಂಗಳಿಗೊಮ್ಮೆ ಸೇರಿಸುತ್ತೇವೆ.
ಎರಡನೆಯದು: ವರ್ಷಕ್ಕೆ ಶೇಕಡಾ 7.95 ಬಡ್ಡಿ, ಪ್ರತಿ ತಿಂಗಳೂ ಸೇರಿಸುತ್ತೇವೆ.

ನಿಮ್ಮ ಹತ್ತಿರ ಒಂದು ಲಕ್ಷ ಇದೆ. ಒಂದು ವರ್ಷ ಮುಟ್ಟುವುದಿಲ್ಲ. ಯಾವುದರಲ್ಲಿ ಇಡುತ್ತೀರಿ? ಕೈ ಎತ್ತಿ ಅಂದಾಗ ಮುಕ್ಕಾಲು ಸಭೆ ಮೊದಲನೆಯದಕ್ಕೆ ಎತ್ತಿತು. ಕೆಲವರು ಎರಡನೆಯದಕ್ಕೆ. ಹಿಂದಿನ ಸಾಲಿನಲ್ಲಿ ಒಬ್ಬರು ಎರಡಕ್ಕೂ ಎತ್ತಲಿಲ್ಲ. ಯಾಕೆ ಸಾರ್ ಅಂತ ಕೇಳಿದೆ. "ಲೆಕ್ಕ ಹಾಕದೆ ಹೇಗೆ ಹೇಳೋದು?" ಅಂದರು. ಸರಿಯಾದ ಮಾತು. ಹಾಕೋಣ.

ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. "ವರ್ಷಕ್ಕೆ 8, ಮೂರು ತಿಂಗಳಿಗೊಮ್ಮೆ ಸೇರ್ಪಡೆ" ಅಂತ ಬರೆದಿದ್ದರೆ, ಆ ಎಂಟು ವರ್ಷದ ಕೊನೆಗೆ ನಿಮ್ಮ ಕೈಗೆ ಬರುವ ಎಂಟಲ್ಲ. ನಿಜವಾಗಿ ಕೆಲಸ ಮಾಡುವ ದರ ಮೂರು ತಿಂಗಳಿಗೆ ಶೇಕಡಾ 2. ವರ್ಷದಲ್ಲಿ ಅಂಥ ನಾಲ್ಕು ಅವಧಿಗಳಿವೆ, ಎರಡು ನಾಲ್ಕಲಿ ಎಂಟು. ಅಷ್ಟೇ. ಈ ಎಂಟು ಒಂದು ಹೆಸರು, ಒಂದು ಲೇಬಲ್. ಅದಕ್ಕೇ ಇದನ್ನು ನಾಮಿನಲ್ ದರ ಅನ್ನುತ್ತಾರೆ, ಅಂದರೆ ಹೆಸರಿಗೆ ಹೇಳುವ ದರ. ವರ್ಷ ಮುಗಿದಾಗ ನೂರಕ್ಕೆ ನಿಜವಾಗಿ ಎಷ್ಟು ಸೇರಿತು ಅನ್ನುವುದು ಬೇರೆ ಲೆಕ್ಕ. ಅದು ಎಫೆಕ್ಟಿವ್ ದರ. ನಾನು ಇವತ್ತು ಅದನ್ನು "ಕೈಗೆ ಬರುವ ದರ" ಅಂತಲೇ ಕರೆಯುತ್ತೇನೆ.

ಈಗ ಮೊದಲನೆಯ ಸಾಲನ್ನು ನಡೆಸಿ ನೋಡೋಣ. ಒಂದು ಲಕ್ಷಕ್ಕೆ ಮೂರು ತಿಂಗಳಿಗೆ ಶೇಕಡಾ 2 ಅಂದರೆ 2,000. ಅದು ಅಸಲಿಗೆ ಸೇರಿತು. ಈಗ ಖಾತೆಯಲ್ಲಿ 1,02,000. ಮುಂದಿನ ಮೂರು ತಿಂಗಳ ಬಡ್ಡಿ ಇದರ ಮೇಲೆ: 2,040. ಖಾತೆ 1,04,040 ಆಯಿತು. ಮೂರನೆಯ ಸಲ 2,080.80 ಸೇರಿ 1,06,120.80. ನಾಲ್ಕನೆಯ ಸಲ 2,122.42 ಸೇರಿ 1,08,243.22.

ಎಂಟು ಸಾವಿರ ಬರಬೇಕಿತ್ತು, 8,243.22 ಬಂತು. ಕೈಗೆ ಬರುವ ದರ ಶೇಕಡಾ 8.243.

ಈ ಜಾಸ್ತಿ 243 ಎಲ್ಲಿಂದ ಬಂತು? ಸೂತ್ರ ಬರೆದು ಮುಗಿಸಿಬಿಟ್ಟರೆ ಇದು ಕಾಣುವುದೇ ಇಲ್ಲ. ಬಿಡಿಸಿ ನೋಡಿದರೆ ಚೆನ್ನಾಗಿದೆ. ಮೊದಲ ಮೂರು ತಿಂಗಳಿಗೆ ಬಂದ 2,000 ಸುಮ್ನೆ ಕೂರಲಿಲ್ಲ. ಅದೂ ದುಡಿಯಿತು. ಎರಡು ಸಾವಿರಕ್ಕೆ ಶೇಕಡಾ 2 ಅಂದರೆ 40. ಅದರ ಮುಂದೆ ಇನ್ನೂ ಮೂರು ಅವಧಿ ಇದ್ದವು, ಹಾಗಾಗಿ ಮೂರು ಸಲ 40. ಎರಡನೆಯ ಅವಧಿಯ 2,000 ಎರಡು ಸಲ 40 ತಂದಿತು. ಮೂರನೆಯದು ಒಂದು ಸಲ. ಕೊನೆಯದು ಬಂದ ದಿನವೇ ವರ್ಷ ಮುಗಿಯಿತು, ಅದಕ್ಕೆ ದುಡಿಯಲು ಸಮಯವೇ ಸಿಗಲಿಲ್ಲ. ಮೂರು, ಎರಡು, ಒಂದು. ಒಟ್ಟು ಆರು ಸಲ 40, ಅಂದರೆ 240. ಉಳಿದ 3.22 ಆ ನಲವತ್ತುಗಳ ಮೇಲೆ ಬಂದ ಬಡ್ಡಿ. ಬಡ್ಡಿ, ಬಡ್ಡಿಯ ಮಗು, ಮೊಮ್ಮಗು. ಒಂದು ವರ್ಷದಲ್ಲಿ ಮೊಮ್ಮಗು ಇಷ್ಟೇ ಬೆಳೆಯುವುದು.

ಎರಡನೆಯ ಸಾಲಿಗೆ ಬರೋಣ. 7.95ನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 0.6625. ಮೊದಲ ತಿಂಗಳು 662.50 ಸೇರುತ್ತದೆ. ಎರಡನೆಯ ತಿಂಗಳು 666.89. ಹೀಗೆ ಪ್ರತಿ ತಿಂಗಳೂ ನಾಲ್ಕೈದರಂತೆ ಏರುತ್ತಾ ಹೋಗಿ ಹನ್ನೆರಡನೆಯ ತಿಂಗಳ ಬಡ್ಡಿ 712.41 ಆಗುತ್ತದೆ. ಹನ್ನೆರಡು ಸಾಲನ್ನೂ ಓದಿ ನಿಮಗೆ ಬೇಜಾರು ಮಾಡುವುದಿಲ್ಲ. ವರ್ಷದ ಕೊನೆಗೆ ಖಾತೆಯಲ್ಲಿ 1,08,246.17.

ಅಂದರೆ ಎರಡನೆಯದು ಗೆದ್ದಿತು! ಎಷ್ಟರಿಂದ? 2.95ರಿಂದ. ಒಂದು ಲಕ್ಷಕ್ಕೆ, ಇಡೀ ವರ್ಷಕ್ಕೆ, ಮೂರೂ ಇಲ್ಲ. (ಸಭೆಯಲ್ಲಿ ನಗು. ಎರಡನೆಯದಕ್ಕೆ ಕೈ ಎತ್ತಿದವರೇ ಜಾಸ್ತಿ ನಕ್ಕರು.)

ಈ ಜೋಡಿಯನ್ನು ನಾನು ಬೇಕಂತಲೇ ಆರಿಸಿಕೊಂಡೆ. ಇದರೊಳಗೆ ಏನು ನಡೆಯಿತು ನೋಡಿ. ದರ 8ರಿಂದ 7.95ಕ್ಕೆ ಇಳಿದದ್ದರಿಂದ ಕಳೆದುಕೊಂಡದ್ದು 50. ಬಡ್ಡಿಯ ಮೇಲಿನ ಬಡ್ಡಿ ಮೊದಲನೆಯದರಲ್ಲಿ 243.22 ಇತ್ತು, ಎರಡನೆಯದರಲ್ಲಿ 296.17 ಆಯಿತು. ಅಲ್ಲಿ ಗಳಿಸಿದ್ದು 52.95. ಐವತ್ತು ಬಿಟ್ಟು ಐವತ್ತಮೂರು ಹಿಡಿದಂತಾಯಿತು. ಅಂದರೆ ಮೂರು ತಿಂಗಳಿಗೊಮ್ಮೆ ಸೇರಿಸುವುದನ್ನು ಬಿಟ್ಟು ತಿಂಗಳಿಗೊಮ್ಮೆ ಸೇರಿಸಿದರೆ, ಎಂಟರ ಆಸುಪಾಸಿನಲ್ಲಿ ಆ ಬದಲಾವಣೆಯ ಬೆಲೆ ಸುಮಾರು 0.05. "ಪ್ರತಿ ತಿಂಗಳೂ ಬಡ್ಡಿ ಸೇರಿಸುತ್ತೇವೆ" ಅಂತ ದಪ್ಪ ಅಕ್ಷರದಲ್ಲಿ ಬರೆದ ಕಾಗದ ನೋಡಿದಾಗ ನನಗೆ ಈ 0.05 ನೆನಪಾಗುತ್ತದೆ. ಅದರ ಬೆಲೆ ಅಷ್ಟೇ. ಸೊನ್ನೆಯಲ್ಲ, ಹಾಗಂತ ದೊಡ್ಡದೂ ಅಲ್ಲ.

ಇನ್ನೊಂದು ತಮಾಷೆ. ಎರಡೂ ಕಾಗದದಲ್ಲಿ ಕೈಗೆ ಬರುವ ದರವನ್ನು ಎರಡೇ ದಶಮಾಂಶಕ್ಕೆ ಅಚ್ಚು ಹಾಕಿದರೆ ಏನಾಗುತ್ತದೆ? 8.243 ಇದ್ದದ್ದು 8.24 ಆಗುತ್ತದೆ. 8.246 ಇದ್ದದ್ದು 8.25 ಆಗುತ್ತದೆ. ನಿಜವಾದ ಅಂತರ 0.003, ಕಾಗದದ ಮೇಲೆ ಕಾಣುವುದು 0.01. ಮೂರು ಪಟ್ಟು ಹಿಗ್ಗಿತು. ಯಾರೂ ಮೋಸ ಮಾಡಿಲ್ಲ, ದಶಮಾಂಶ ಕತ್ತರಿಸಿದ್ದರಿಂದ ಹಾಗಾಯಿತು.

ಈಗ ನಿಮಗೆ ಒಂದು ಬಾಯಿಲೆಕ್ಕ ಕೊಡುತ್ತೇನೆ. ಮೂರು ತಿಂಗಳಿಗೊಮ್ಮೆ ಸೇರಿಸುವ ದರ ಗೊತ್ತಿದೆ ಅಂದುಕೊಳ್ಳಿ. ತಿಂಗಳಿಗೊಮ್ಮೆ ಸೇರಿಸುವವರು ಎಷ್ಟರವರೆಗೆ ಕಡಿಮೆ ಹೇಳಿದರೂ ಸಮ ಆಗುತ್ತದೆ? ದರವನ್ನು ಅದರಿಂದಲೇ ಗುಣಿಸಿ, 1200ರಿಂದ ಭಾಗಿಸಿ. ಎಂಟೆಂಟಲಿ ಅರವತ್ತನಾಲ್ಕು. ಅದನ್ನು 1200ರಿಂದ ಭಾಗಿಸಿದರೆ 0.053. ಎಂಟರಲ್ಲಿ ಅದನ್ನು ಕಳೆದರೆ 7.947. ಅದೇ ಸಮಬಿಂದು. 7.95 ಅದಕ್ಕಿಂತ ಒಂದು ಕೂದಲಷ್ಟು ಮೇಲಿದೆ, ಅದಕ್ಕೇ ಗೆದ್ದಿತು. 7.94 ಅಂತ ಬರೆದಿದ್ದರೆ ಲಕ್ಷಕ್ಕೆ ಸುಮಾರು ಎಂಟು ಕಡಿಮೆ ಬಂದು ಸೋಲುತ್ತಿತ್ತು.

ದರ ಕಡಿಮೆ ಇದ್ದಷ್ಟೂ ಈ ಅಂತರ ಇನ್ನೂ ಬೇಗ ಕರಗುತ್ತದೆ. ಶೇಕಡಾ 4 ಆದರೆ ಹದಿನಾರನ್ನು 1200ರಿಂದ ಭಾಗಿಸಿ: 0.013. ದರ ಅರ್ಧವಾಯಿತು, ಅಂತರ ಕಾಲು ಭಾಗವಾಯಿತು. ಶೇಕಡಾ 12ಕ್ಕೆ ಅದು 0.12. ಆದ್ದರಿಂದ ಉಳಿತಾಯದ ಸಣ್ಣ ದರಗಳಲ್ಲಿ "ತಿಂಗಳೋ ಮೂರು ತಿಂಗಳೋ" ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ದರವನ್ನೇ ನೋಡುವುದು ಮೇಲು. ಸಾಲದ ದೊಡ್ಡ ದರಗಳಲ್ಲಿ ಅದೇ ಪ್ರಶ್ನೆಗೆ ತೂಕ ಬರುತ್ತದೆ. ಆದರೆ ಇವತ್ತಿನ ವಿಷಯ ಸಾಲ ಅಲ್ಲ.

ಬಾಯಿಲೆಕ್ಕ ಸಾಲದು ಅನ್ನುವವರಿಗೆ ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಫಂಕ್ಷನ್‌ಗಳಿವೆ:

```
=EFFECT(8%, 4)
=EFFECT(7.95%, 12)
=NOMINAL(EFFECT(8%, 4), 12)
```

ಮೊದಲ ಎರಡು ಸಾಲು ಕೈಗೆ ಬರುವ ದರ ಕೊಡುತ್ತವೆ. ಮೂರನೆಯದು ನಾವು ಈಗ ಕಂಡುಕೊಂಡ ಸಮಬಿಂದುವನ್ನು, 7.947ನ್ನು, ಕೊಡುತ್ತದೆ. ಕೋಶದಲ್ಲಿ ಸುಮ್ನೆ 0.08 ಅಂತ ಕಂಡರೆ ಗಾಬರಿಯಾಗಬೇಡಿ, ಕೋಶವನ್ನು ಶೇಕಡಾ ರೂಪಕ್ಕೆ ತಂದು ದಶಮಾಂಶ ಸ್ಥಾನ ಹೆಚ್ಚಿಸಿ. ಇಲ್ಲಿ ಇಡೀ ಕಥೆ ನಡೆಯುವುದೇ ಮೂರನೆಯ ದಶಮಾಂಶದಲ್ಲಿ.

ಇಷ್ಟು ಹೇಳಿದಾಗ ಮುಂದೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: "ಹಾಗಾದರೆ ದಿನಾ ಸೇರಿಸಿದರೆ? ಗಂಟೆಗೊಮ್ಮೆ ಸೇರಿಸಿದರೆ?" ಹೋಗುತ್ತಾ ಹೋಗುತ್ತಾ ತುಂಬಾ ಆಗಿಬಿಡುತ್ತದೆ ಅಂತ ಅನಿಸುತ್ತದೆ, ಅಲ್ವಾ? ಆಗುವುದಿಲ್ಲ. ಹೆಸರಿನ ದರ 8ನ್ನೇ ಇಟ್ಟುಕೊಂಡು ನೋಡೋಣ. ವರ್ಷಕ್ಕೊಮ್ಮೆ ಸೇರಿಸಿದರೆ 8. ಆರು ತಿಂಗಳಿಗೊಮ್ಮೆ ಆದರೆ 8.16. ಮೂರು ತಿಂಗಳಿಗೊಮ್ಮೆ 8.243. ತಿಂಗಳಿಗೊಮ್ಮೆ 8.300. ದಿನಾ ಸೇರಿಸಿದರೆ 8.328. ಕ್ಷಣಕ್ಷಣವೂ, ಎಡೆಬಿಡದೆ ಸೇರಿಸಿದರೂ 8.329. ಅಲ್ಲಿಗೆ ಗೋಡೆ. ತಿಂಗಳಿನಿಂದ ದಿನಕ್ಕೆ ಬಂದಾಗ ಸಿಕ್ಕಿದ್ದು 0.028 ಮಾತ್ರ. ದಿನದಿಂದ ಕ್ಷಣಕ್ಕೆ ಬಂದಾಗ ಸಿಕ್ಕಿದ್ದು ಹೆಚ್ಚುಕಡಿಮೆ ಏನೂ ಇಲ್ಲ. ಯಾಕೆಂದರೆ ಅವಧಿ ಚಿಕ್ಕದಾದಷ್ಟೂ ಸೇರುವ ಬಡ್ಡಿಯೂ ಚಿಕ್ಕದಾಗುತ್ತದೆ. ಅದರ ಮೇಲಿನ ಬಡ್ಡಿ ಇನ್ನೂ ಚಿಕ್ಕದು.

ಈ ಪ್ರಶ್ನೆ ಹಳೆಯದು. 1683ರಲ್ಲಿ ಗಣಿತಜ್ಞ ಯಾಕೋಬ್ ಬರ್ನೂಲಿ ಇದನ್ನೇ ಕೇಳಿಕೊಂಡ. ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಇದ್ದು, ಅದನ್ನು ಮತ್ತೆ ಮತ್ತೆ ಸೇರಿಸುತ್ತಾ ಹೋದರೆ ಒಂದು ಎಷ್ಟಾಗುತ್ತದೆ? ನಾಲ್ಕು ಸಲ ಸೇರಿಸಿದರೆ 2.44, ಹನ್ನೆರಡು ಸಲ ಸೇರಿಸಿದರೆ 2.61. ಎಷ್ಟೇ ಸೇರಿಸಿದರೂ ಮೂರನ್ನು ದಾಟುವುದಿಲ್ಲ ಅಂತ ಅವನಿಗೆ ಕಂಡಿತು. ಆ ಗೋಡೆಯೇ 2.718, ಗಣಿತದವರು `e` ಅಂತ ಬರೆಯುವ ಸಂಖ್ಯೆ. ಅಷ್ಟು ದೊಡ್ಡ ಸಂಖ್ಯೆ ಹುಟ್ಟಿದ್ದು ಬಡ್ಡಿ ಲೆಕ್ಕದಿಂದ ಅಂದರೆ ನನಗೆ ಈಗಲೂ ಖುಷಿ.

ಸರಿ, ಎಡವುವ ಜಾಗಗಳಿಗೆ ಬರೋಣ. ಮೊದಲು ನಾನು ಎಡವಿದ್ದನ್ನೇ ಹೇಳುತ್ತೇನೆ. ಒಮ್ಮೆ ಒಂದು ಕಡೆ ಠೇವಣಿ ಇಡುವಾಗ ಕಾಗದದಲ್ಲಿ 8.24 ಅಂತ ಇತ್ತು. ಕೆಳಗೆ "ಮೂರು ತಿಂಗಳಿಗೊಮ್ಮೆ ಸೇರ್ಪಡೆ" ಅಂತಲೂ ಇತ್ತು. ನಾನು 8.24ನ್ನು ನಾಲ್ಕರಿಂದ ಭಾಗಿಸಿ, ನಾಲ್ಕು ಸಲ ಚಕ್ರಬಡ್ಡಿ ಹಾಕಿ, ಲಕ್ಷಕ್ಕೆ 8,498 ಬರುತ್ತದೆ ಅಂತ ಲೆಕ್ಕ ಹಿಡಿದುಕೊಂಡೆ. ವರ್ಷದ ಕೊನೆಗೆ ಬಂದದ್ದು 8,243. 255 ಕಡಿಮೆ. ಕಾಗದ ಹಿಡಿದುಕೊಂಡು ಜಗಳಕ್ಕೆ ಹೋದೆ. ಅಲ್ಲಿದ್ದವರು ತಾಳ್ಮೆಯಿಂದ ಬೆರಳಿಟ್ಟು ತೋರಿಸಿದರು. 8.24 ಆಗಲೇ ಚಕ್ರಬಡ್ಡಿ ಸೇರಿದ ದರ. ಹೆಸರಿನ ದರ 8 ಇನ್ನೂ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಬೆಂದದ್ದನ್ನೇ ನಾನು ಮತ್ತೆ ಬೇಯಿಸಿದ್ದೆ.

ಕಾಗದದಲ್ಲಿರುವ ಅಂಕಿ ಹೆಸರಿನ ದರವೋ ಕೈಗೆ ಬರುವ ದರವೋ ಅಂತ ತಿಳಿಯುವುದು ಹೇಗೆ? ಒಂದು ದಾರಿ, ಕೇಳುವುದು. ಆದರೆ "ಇದು ಎಫೆಕ್ಟಿವ್ ದರವೇ?" ಅಂತ ಕೇಳಬೇಡಿ. ಎದುರಿನವರು ತಲೆಯಾಡಿಸಿಬಿಡುತ್ತಾರೆ. "ಒಂದು ಲಕ್ಷಕ್ಕೆ ಮೊದಲ ಮೂರು ತಿಂಗಳಿಗೆ ಎಷ್ಟು ಸೇರುತ್ತದೆ?" ಅಂತ ಕೇಳಿ. 8 ಹೆಸರಿನ ದರವಾಗಿದ್ದರೆ 2,000. 8 ಕೈಗೆ ಬರುವ ದರವಾಗಿದ್ದರೆ 1,942.65. ಯಾಕೆಂದರೆ ಅದು ನಾಲ್ಕು ಸಲ ಬೆಳೆದು ಸರಿಯಾಗಿ 8 ಆಗಬೇಕು. ದಿನ ಎಣಿಸಿ ಬಡ್ಡಿ ಹಾಕುವ ಕಡೆ ಈ ಅಂಕಿಗಳು ಸ್ವಲ್ಪ ಅಲುಗಾಡುತ್ತವೆ, ಏಕೆಂದರೆ ಮೂರು ತಿಂಗಳು ಕೆಲವೊಮ್ಮೆ 89 ದಿನ, ಕೆಲವೊಮ್ಮೆ 92. ಆಗ 2,000 ಬದಲು 1,951ರಿಂದ 2,016ರೊಳಗೆ ಏನಾದರೂ ಬರಬಹುದು. ಆದರೂ ಅಷ್ಟೇ ದಿನಗಳಿಗೆ ಇನ್ನೊಂದು ಬಗೆಯದು ಯಾವಾಗಲೂ ಸುಮಾರು 57 ಕಡಿಮೆ ಇರುತ್ತದೆ. ಹಾಗಾಗಿ ದಿನ ಎಣಿಸಿ ನೋಡಿದರೆ ಪರೀಕ್ಷೆ ಕೆಡುವುದಿಲ್ಲ. ಖಾತೆ ಈಗಾಗಲೇ ಇದ್ದರೆ ಇನ್ನೂ ಸುಲಭ. ಪಾಸ್‌ಬುಕ್‌ನಲ್ಲಿ ಮೊದಲ ಬಡ್ಡಿಯ ಸಾಲು ನೋಡಿದರೆ ಆಯಿತು.

ಕೆಲವು ದೇಶಗಳಲ್ಲಿ ಈ ಗೊಂದಲಕ್ಕೆ ಕಾನೂನೇ ಮದ್ದು ಕೊಟ್ಟಿದೆ. ಅಮೆರಿಕದಲ್ಲಿ 1991ರ ಕಾನೂನಿನ ಪ್ರಕಾರ ಉಳಿತಾಯ ಖಾತೆಯ ಜಾಹೀರಾತು ಲಾಭದ ದರ ಹೇಳಿದರೆ ಕೈಗೆ ಬರುವ ದರವನ್ನು ಹೇಳಲೇಬೇಕು. ಅದಕ್ಕೆ ಅಲ್ಲಿ ಎಪಿವೈ ಅನ್ನುತ್ತಾರೆ. ಬ್ರಿಟನ್‌ನಲ್ಲಿ ಅದೇ ಕೆಲಸಕ್ಕೆ ಎಇಆರ್ ಅನ್ನುವ ಹೆಸರಿದೆ. ಎರಡು ಕಾಗದದಲ್ಲೂ ಇಂಥ ಅಂಕಿ ಇದ್ದರೆ ನೇರವಾಗಿ ಹೋಲಿಸಬಹುದು, ನಾನು ಇಷ್ಟೆಲ್ಲ ಮಾತಾಡುವ ಅಗತ್ಯವೇ ಇರುವುದಿಲ್ಲ.

ಎರಡನೆಯ ಗುಂಡಿ ಇದಕ್ಕಿಂತ ಆಳ. ಕಾಗದದಲ್ಲಿ "ಐದು ವರ್ಷಕ್ಕೆ ವಾರ್ಷಿಕ ಲಾಭ 9.72" ಅಂತ ಇರುತ್ತದೆ. ಪಕ್ಕದಲ್ಲಿ ದರ 8 ಅಂತಲೇ ಇರುತ್ತದೆ. ಎಂಟು ಹೇಗೆ 9.72 ಆಯಿತು? ನೋಡಿ: ಒಂದು ಲಕ್ಷ, 8ರ ದರದಲ್ಲಿ, ಮೂರು ತಿಂಗಳಿಗೊಮ್ಮೆ ಸೇರುತ್ತಾ ಐದು ವರ್ಷದಲ್ಲಿ 1,48,595 ಆಗುತ್ತದೆ. ಇದು ಸರಿ. ಒಟ್ಟು ಬಡ್ಡಿ 48,595. ಅದನ್ನು ಸುಮ್ನೆ ಐದರಿಂದ ಭಾಗಿಸಿದರೆ ವರ್ಷಕ್ಕೆ 9,719, ಅಂದರೆ ಶೇಕಡಾ 9.72. ಭಾಗಾಕಾರದಲ್ಲಿ ತಪ್ಪಿಲ್ಲ. ಭಾಗಿಸಿದ್ದೇ ತಪ್ಪು. ಚಕ್ರಬಡ್ಡಿ ಹಾಕಿ ಬೆಳೆಸಿ, ಸರಳ ಬಡ್ಡಿಯ ಹಾಗೆ ಹಂಚಿದ್ದಾರೆ. ನಿಜವಾಗಿ ವರ್ಷಕ್ಕೆ 9.72 ಕೈಗೆ ಬಂದು ಸೇರುತ್ತಿದ್ದರೆ ಐದು ವರ್ಷಕ್ಕೆ 1,59,000 ದಾಟಬೇಕಿತ್ತು. ಐದು ವರ್ಷದ ಉದ್ದಕ್ಕೂ ಕೈಗೆ ಬರುವ ದರ ಅದೇ 8.243. ಇಡುವ ವರ್ಷ ಜಾಸ್ತಿಯಾದರೆ ಅದು ಏರುವುದಿಲ್ಲ. ಆದರೆ ಈ ಹುಸಿ ದರ ವರ್ಷ ಜಾಸ್ತಿಯಾದಷ್ಟೂ ಉಬ್ಬುತ್ತದೆ. ಅದೇ ಅದರ ಗುರುತು. ಒಂದೇ ದರದ ಠೇವಣಿಗೆ ಮೂರು ವರ್ಷಕ್ಕೆ ಒಂದು ಲಾಭ, ಐದು ವರ್ಷಕ್ಕೆ ಇನ್ನೂ ಹೆಚ್ಚಿನ ಲಾಭ ಅಂತ ಪಟ್ಟಿ ಹಾಕಿದ್ದರೆ, ಅಲ್ಲಿ ಭಾಗಾಕಾರ ನಡೆದಿದೆ ಅಂತ ತಿಳಿಯಿರಿ.

ನಮ್ಮ ಎರಡು ಸಾಲುಗಳನ್ನೂ ಐದು ವರ್ಷ ಬಿಟ್ಟರೆ? ಮೊದಲನೆಯದು 1,48,595, ಎರಡನೆಯದು 1,48,615. ಅಂತರ ಇಪ್ಪತ್ತು. ಅದಕ್ಕೋಸ್ಕರ ಒಂದು ಕಡೆಯಿಂದ ಇನ್ನೊಂದು ಕಡೆ ಓಡಾಡಬೇಕೇ ಅನ್ನುವುದು ನಿಮಗೆ ಬಿಟ್ಟದ್ದು. ನಾನಂತೂ ಓಡಾಡುವುದಿಲ್ಲ.

ಇನ್ನೊಂದು ಮಾತು. ಬಡ್ಡಿ "ಸೇರಿಸುತ್ತೇವೆ" ಅನ್ನುವುದಕ್ಕೂ "ಕೊಡುತ್ತೇವೆ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಪ್ರತಿ ತಿಂಗಳೂ ಬಡ್ಡಿ ನಿಮ್ಮ ಕೈಗೆ ಬಂದು ಖರ್ಚಾದರೆ ಅಸಲು ಬೆಳೆಯುವುದಿಲ್ಲ. ಎರಡನೆಯ ಸಾಲಿನಲ್ಲಿ ಆಗ ಸಿಗುವುದು 662.50ರಂತೆ ಹನ್ನೆರಡು ಸಲ, ಒಟ್ಟು 7,950. 8,246 ಅಲ್ಲ. ತಿಂಗಳ ಖರ್ಚಿಗೆ ಬೇಕಾದವರಿಗೆ ಅದು ಸರಿಯೇ. ಆದರೆ ಕಾಗದದ ಮೇಲಿನ ಕೈಗೆ ಬರುವ ದರವನ್ನು ಅವರು ಮರೆತುಬಿಡಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುವ ಕೆಲವು ಕಡೆ ಪ್ರತಿ ತಿಂಗಳು ಬಡ್ಡಿ ಬೇಕು ಅಂದರೆ 8ರ ದರಕ್ಕೆ 666.67 ಕೊಡುವುದಿಲ್ಲ, 662.27 ಕೊಡುತ್ತಾರೆ. ಮೂರು ತಿಂಗಳಿಗೆ 2,000 ಬರಬೇಕಾದವರಿಗೆ 1,986.81 ಬಂದಂತಾಗುತ್ತದೆ. ಇದು ಕಳ್ಳತನ ಅಲ್ಲ. ಹಣ ಮೊದಲೇ ಕೈಗೆ ಬಂತಲ್ಲ, ಅದಕ್ಕೆ ಮುರಿದುಕೊಂಡದ್ದು. 662.27ನ್ನು ಹನ್ನೆರಡರಿಂದ ಗುಣಿಸಿದರೆ ಹೆಚ್ಚುಕಡಿಮೆ 7,947. ನಮ್ಮ ಹಳೆಯ ಸಮಬಿಂದು 7.947 ಇಲ್ಲಿ ಮತ್ತೆ ಬಂತು ನೋಡಿ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಬಿಟ್ಟಾಗ, ಮೊದಲು ಕೈ ಎತ್ತದೆ ಕೂತಿದ್ದರಲ್ಲ, ಅವರೇ ಎದ್ದು ನಿಂತರು. "ಹನ್ನೊಂದನೇ ತಿಂಗಳಿಗೆ ನನಗೆ ಹಣ ಬೇಕಾಯಿತು ಅನ್ನಿ. ಆಗ ಯಾವುದು ಮೇಲು?" ಅಂದರು. ಇಡೀ ಸಂಜೆಯ ಒಳ್ಳೆಯ ಪ್ರಶ್ನೆ ಇದೇ.

ತಿಂಗಳಿಗೊಮ್ಮೆ ಸೇರಿಸುವ ಕಡೆ ಹನ್ನೊಂದು ತಿಂಗಳಿಗೆ 1,07,533.76 ಇರುತ್ತದೆ. ಮೂರು ತಿಂಗಳಿಗೊಮ್ಮೆ ಸೇರಿಸುವ ಕಡೆ ಒಂಬತ್ತು ತಿಂಗಳಿಗೆ 1,06,120.80 ಇತ್ತು. ಉಳಿದ ಎರಡು ತಿಂಗಳಿಗೆ ಏನು ಕೊಡುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಆ ಎರಡು ತಿಂಗಳಿಗೆ ಸರಳ ಬಡ್ಡಿ ಕೊಟ್ಟರೆ 1,414.94 ಸೇರಿ 1,07,535.74 ಆಗುತ್ತದೆ. ಅಂದರೆ ಮೂರು ತಿಂಗಳಿನದೇ ಎರಡರಷ್ಟು ಮುಂದೆ! ವರ್ಷದ ಕೊನೆಗೆ ಸೋತದ್ದು ಹನ್ನೊಂದನೇ ತಿಂಗಳಲ್ಲಿ ಗೆಲ್ಲುತ್ತದೆ. ಆದರೆ "ಅವಧಿ ಪೂರ್ತಿಯಾಗದಿದ್ದರೆ ಆ ಅವಧಿಗೆ ಬಡ್ಡಿ ಇಲ್ಲ" ಅನ್ನುವ ನಿಯಮ ಇದ್ದರೆ 1,06,120.80 ತೆಗೆದುಕೊಂಡು ಬರಬೇಕು. ಆಗ 1,413 ಹಿಂದೆ. ಅವಧಿಗೆ ಮುಂಚೆ ತೆಗೆದರೆ ದರವನ್ನೇ ಇಳಿಸುವ ನಿಯಮವಿದ್ದರೆ ಈ ಲೆಕ್ಕವೂ ಉಳಿಯುವುದಿಲ್ಲ, ಇಳಿದ ದರದಲ್ಲಿ ಮೊದಲಿನಿಂದ ಹಾಕಬೇಕು.

ಅವರು ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದರು. ಅವರ ಠೇವಣಿಯದೇ ಅಂತೆ. ಇಬ್ಬರೂ ಸೇರಿ ಆ ನಿಯಮ ಎಲ್ಲಿದೆ ಅಂತ ಹುಡುಕಿದೆವು. ಮುಂಬದಿಯಲ್ಲಿ ಇರಲಿಲ್ಲ, ಹಿಂಬದಿಯ ಒಂಬತ್ತನೇ ಸಾಲಿನಲ್ಲಿತ್ತು.